ಕಾಟು ಹೊಡೆದ ಐದು ಸಾಲುಗಳು: ಕರಡನ್ನೂ ಅಂತಿಮ ಕವಿತೆಯನ್ನೂ ಎದುರುಬದುರು ಇಟ್ಟು ಓದುವುದು ಹೇಗೆ

ಹುಲಿಯನ್ನು ಸೃಷ್ಟಿಸಿದವನು ಯಾರೆಂದು ಕೇಳುವ, ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ‘ದಿ ಟೈಗರ್’ ಕವಿತೆಯನ್ನು ಗಟ್ಟಿಯಾಗಿ ಓದುತ್ತ ಹೋದರೆ ಮೂರನೆಯ ಚರಣದ ಕೊನೆಯಲ್ಲಿ ಕಾಲು ಸ್ವಲ್ಪ ಎಡವುತ್ತದೆ. ‘ನಿನ್ನ ಹೃದಯ ಬಡಿಯತೊಡಗಿದಾಗ, ಎಂಥ ಘೋರ ಕೈ? ಎಂಥ ಘೋರ ಕಾಲು?’ ಎನ್ನುತ್ತಾನೆ ಕವಿ. ಆ ಕೈ ಏನು ಮಾಡಿತು? ಕಾಲು ಯಾರದು? ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಮುಂದಿನ ಚರಣ ಸುತ್ತಿಗೆಯ ಮಾತನ್ನು ಹೊಸದಾಗಿ ಎತ್ತಿಕೊಳ್ಳುತ್ತದೆ. ತರಗತಿಯಲ್ಲಿ ಮೊದಲು ಓದಿದಾಗ ಇದು ಕವಿಯ ಗತ್ತು ಅಂದುಕೊಂಡಿದ್ದೆ. ಆಮೇಲೆ ಹಸ್ತಪ್ರತಿಯ ಚಿತ್ರ ನೋಡಿದೆ. ಆ ವಾಕ್ಯಕ್ಕೆ ಒಂದು ಕಾಲದಲ್ಲಿ ಕ್ರಿಯಾಪದ ಇತ್ತು. ಅದರ ಮುಂದೆ ಐದು ಸಾಲುಗಳಿದ್ದವು. ಬ್ಲೇಕ್ ಅವಕ್ಕೆ ಕಾಟು ಹೊಡೆದಿದ್ದ.

ಕರಡನ್ನೂ ಅಂತಿಮ ಪಾಠವನ್ನೂ ಹೋಲಿಸಿ, ಕವಿ ಏನನ್ನು ಬಿಟ್ಟ, ಆ ಬಿಡುವಿಕೆಯಿಂದ ಏನಾಯಿತು ಎಂದು ಊಹಿಸುವ ಕೆಲಸವನ್ನು ಈ ಒಂದೇ ಕವಿತೆಯ ಮೇಲೆ ಮಾಡಿ ತೋರಿಸುತ್ತೇನೆ. ಇದನ್ನೇ ಆರಿಸಲು ಕಾರಣವಿದೆ. ಇಲ್ಲಿ ಕರಡು ಉಳಿದಿದೆ. ಕರಡಿಗೂ ಅಂತಿಮಕ್ಕೂ ನಡುವಿನ ಒಂದು ಮಜಲೂ ಉಳಿದಿದೆ. ಅಂತಿಮ ರೂಪವನ್ನು ಕವಿ ತನ್ನ ಕೈಯಾರೆ ತಾಮ್ರದ ತಗಡಿನ ಮೇಲೆ ಮೂಡಿಸಿದ್ದಾನೆ. ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ಮೊದಲು ಪಾಠಗಳನ್ನು ಸರಿಯಾಗಿ ಕೈಗೆ ತೆಗೆದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಪುಸ್ತಕದ ಹಿಂಬದಿಯಲ್ಲಿ ‘ಮೊದಲ ಕರಡು’ ಎಂದು ಅಚ್ಚುಕಟ್ಟಾಗಿ ಮುದ್ರಿಸಿರುವುದನ್ನು ತೆಗೆದುಕೊಂಡು, ಅಂತಿಮ ಕವಿತೆಯ ಪಕ್ಕದಲ್ಲಿಟ್ಟು ಹೋಲಿಸಲು ಕೂರುತ್ತಾರೆ. ಹಾಗೆ ಮುದ್ರಿಸಿದ್ದು ಕರಡಲ್ಲ, ಕರಡನ್ನು ಓದಿ ಸಂಪಾದಕರು ಕಟ್ಟಿಕೊಟ್ಟ ಶುದ್ಧಪ್ರತಿ. ಯಾವ ಪದ ಮೊದಲು ಬಂತು, ಯಾವುದನ್ನು ಹೊಡೆದು ಯಾವುದನ್ನು ಮೇಲೆ ಬರೆದ, ಯಾವ ಸಾಲು ಅಂಚಿನಲ್ಲಿ ಓರೆಯಾಗಿ ನುಸುಳಿದೆ ಎಂಬುದೆಲ್ಲ ಅದರಲ್ಲಿ ಮಾಯವಾಗಿರುತ್ತದೆ. ನಮಗೆ ಬೇಕಾದದ್ದು ಎರಡು: ಪುಟದ ಛಾಯಾಚಿತ್ರ, ಮತ್ತು ಅದರ ಪಕ್ಕದಲ್ಲಿ ಹೊಡೆದ ಪದಗಳನ್ನೂ ಬಿಡದೆ ಇದ್ದದ್ದನ್ನು ಇದ್ದಂತೆ ಅಕ್ಷರಕ್ಕಿಳಿಸಿದ ಪಾಠ. ಚಿತ್ರವಿಲ್ಲದ ಅಕ್ಷರಪಾಠವನ್ನು ಕುರುಡಾಗಿ ನಂಬಬೇಕಾಗುತ್ತದೆ. ಅಕ್ಷರಪಾಠವಿಲ್ಲದ ಚಿತ್ರವನ್ನು ಓದಲು ಆಗುವುದೇ ಇಲ್ಲ, ಇನ್ನೂರು ವರ್ಷ ಹಳೆಯ ಗೀಚು ಬರಹ ಅಷ್ಟು ಸುಲಭವಲ್ಲ.

‘ದಿ ಟೈಗರ್’ ಕರಡಿರುವ ನೋಟುಬುಕ್ಕು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಮೊದಲು ಬ್ಲೇಕ್‌ನ ತಮ್ಮ ರಾಬರ್ಟ್‌ನದು. 1787ರಲ್ಲಿ ರಾಬರ್ಟ್ ತೀರಿಕೊಂಡ ಮೇಲೆ ಅಣ್ಣ ಅದನ್ನು ಚಿತ್ರ ಬಿಡಿಸಲು, ಕವಿತೆ ಬರೆಯಲು ಬಳಸಿದ. 1847ರಲ್ಲಿ ಕವಿ, ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಅದನ್ನು ಹತ್ತು ಶಿಲ್ಲಿಂಗಿಗೆ ಕೊಂಡುಕೊಂಡ. ಹಾಗಾಗಿ ಕೆಲವರು ಅದನ್ನು ರೊಸೆಟ್ಟಿ ಹಸ್ತಪ್ರತಿ ಎಂದೂ ಕರೆಯುತ್ತಾರೆ. ಡೇವಿಡ್ ಅರ್ಡ್‌ಮನ್ 1973ರಲ್ಲಿ ಇಡೀ ನೋಟುಬುಕ್ಕನ್ನು ಛಾಯಾಚಿತ್ರ ಮತ್ತು ಇದ್ದಂತೆ ಬರೆದ ಪಾಠ ಎರಡನ್ನೂ ಸೇರಿಸಿ ಪ್ರಕಟಿಸಿದರು. ನಮಗೆ ಬೇಕಾದ ಜೋಡಿ ಅದೇ.

ಅಂತಿಮ ಪಾಠದ ಬಗ್ಗೆಯೂ ಇಷ್ಟೇ ಅನುಮಾನ ಇಟ್ಟುಕೊಳ್ಳಬೇಕು. ಕವಿತೆ ಅಚ್ಚಾಗುವ ಹೊತ್ತಿಗೆ ಅದರ ಮೇಲೆ ಪತ್ರಿಕೆಯ ಸಂಪಾದಕರ ಕೈ, ಗೆಳೆಯರ ಕೈ, ಮೊಳೆ ಜೋಡಿಸುವವರ ಕೈ ಆಡಿರಬಹುದು. ವಿಲ್ಫ್ರೆಡ್ ಓವೆನ್ 1917ರಲ್ಲಿ ಬರೆದ ‘ಆಂಥಮ್ ಫಾರ್ ಡೂಮ್ಡ್ ಯೂತ್’ ಹಸ್ತಪ್ರತಿಯಲ್ಲಿ ಅವನ ಗೆಳೆಯ, ಕವಿ ಸೀಗ್‌ಫ್ರೀಡ್ ಸಸೂನ್‌ನ ಅಕ್ಷರ ಎದ್ದು ಕಾಣುತ್ತದೆ. ಅಲ್ಲಿ ‘ಕವಿ ಇದನ್ನು ಬದಲಿಸಿದ’ ಎಂದು ಬರೆಯುವ ಮುಂಚೆ ಯಾವ ಕವಿ ಎಂದು ಕೇಳಿಕೊಳ್ಳಬೇಕು. ಬ್ಲೇಕ್‌ನ ವಿಷಯದಲ್ಲಿ ಈ ತಲೆನೋವಿಲ್ಲ. ತಗಡಿನ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆದವನು ಅವನೇ, ಅಚ್ಚು ತೆಗೆದವನೂ ಅವನೇ. 1794ರ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ನಲ್ಲಿ ಬಂದ ಆರು ಚರಣ, ಇಪ್ಪತ್ತನಾಲ್ಕು ಸಾಲುಗಳ ಪಾಠದ ಜವಾಬ್ದಾರಿ ಪೂರ್ತಿ ಅವನದು.

ಪುಟದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ಕರಡು ಎಂದರೆ ಒಂದು ಪಾಠವಲ್ಲ, ಒಂದರ ಮೇಲೊಂದು ಕೂತ ಹಲವು ಪದರ. ಹೋಲಿಸುವ ಮುಂಚೆ ಪದರಗಳನ್ನು ಬಿಡಿಸಬೇಕು. ಇದಕ್ಕೆ ಪುಟದಲ್ಲೇ ಸುಳಿವು ಇರುತ್ತದೆ. ಸಾಲಿನ ನೇರದಲ್ಲಿ ಬರೆದ ಪದ ಮೊದಲಿನದು, ಅದರ ತಲೆಯ ಮೇಲೆ ಇಕ್ಕಟ್ಟಾಗಿ ಬರೆದದ್ದು ಆಮೇಲಿನದು. ಅಂಚಿನಲ್ಲಿ ಜಾಗ ಹುಡುಕಿಕೊಂಡು ಕೂತ ಸಾಲು ಪುಟ ತುಂಬಿದ ಮೇಲೆ ಬಂದದ್ದು. ಒಂದು ಪದವನ್ನು ಹೊಡೆದು ಅದೇ ಸಾಲಿನಲ್ಲಿ ಮುಂದಕ್ಕೆ ಬದಲಿ ಪದ ಬರೆದಿದ್ದರೆ, ಬರೆಯುತ್ತಿರುವಾಗಲೇ ಮನಸ್ಸು ಬದಲಾಯಿತು ಎಂದರ್ಥ. ಬದಲಿ ಪದ ಮೇಲೆ ಕೂತಿದ್ದರೆ ಕವಿ ಆ ಸಾಲಿಗೆ ಹಿಂತಿರುಗಿ ಬಂದಿದ್ದಾನೆ. ಹೀಗೆ ಹಿಂತಿರುಗಿದ್ದು ಐದು ನಿಮಿಷದ ನಂತರವೋ ಐದು ತಿಂಗಳ ನಂತರವೋ ಎಂಬುದನ್ನು ಶಾಯಿಯ ಬಣ್ಣ, ಲೇಖನಿಯ ದಪ್ಪ ಕೆಲವೊಮ್ಮೆ ಹೇಳುತ್ತವೆ, ಹಲವು ಸಲ ಹೇಳುವುದಿಲ್ಲ.

ಈ ನೋಟುಬುಕ್ಕಿನಲ್ಲಿ ಇನ್ನೊಂದು ಮೋಸವಿದೆ. ಬ್ಲೇಕ್ ಈ ಕವಿತೆಗಳನ್ನು ಬರೆಯುವಾಗ ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ಮುಂದಕ್ಕೆ ತುಂಬಿಸುತ್ತ ಬಂದಿದ್ದಾನೆ. ಆದ್ದರಿಂದ ಪುಟಸಂಖ್ಯೆ ಇಳಿಯುತ್ತ ಹೋದಂತೆ ಕಾಲ ಮುಂದಕ್ಕೆ ಹೋಗುತ್ತದೆ. ‘ದಿ ಟೈಗರ್’ ಕರಡು 109 ಮತ್ತು 108ನೆಯ ಪುಟಗಳಲ್ಲಿದೆ. ಮೊದಲು 109, ಆಮೇಲೆ ಅದರ ಎದುರಿನ 108. ಸಂಖ್ಯೆಯನ್ನು ನಂಬಿ 108ರಿಂದ ಶುರುಮಾಡಿದರೆ ಇಡೀ ಕಥೆ ಹಿಂದುಮುಂದಾಗುತ್ತದೆ. ಕವಿ ಸೇರಿಸಿದ್ದು ಕತ್ತರಿಸಿದಂತೆಯೂ ಕತ್ತರಿಸಿದ್ದು ಸೇರಿಸಿದಂತೆಯೂ ಕಾಣುತ್ತದೆ.

ಹೀಗೆ ಬಿಡಿಸಿದರೆ ಮೂರು ಮಜಲು ಸಿಗುತ್ತವೆ. 109ನೆಯ ಪುಟದಲ್ಲಿ ಕವಿತೆಯ ಮೊದಲ ಮೈ: ಹುಲಿಯನ್ನು ಕರೆಯುವ ಚರಣ, ಕಣ್ಣಿನ ಬೆಂಕಿಯದು, ಹೃದಯದ್ದು, ಅದರ ಕೆಳಗೆ ಆಮೇಲೆ ಹೊಡೆದುಹಾಕಿದ ಐದು ಸಾಲು, ಸುತ್ತಿಗೆಯ ಚರಣ, ಕೊನೆಗೆ ಮೊದಲಿನದೇ ಮರುಕಳಿಕೆ. ನಕ್ಷತ್ರಗಳು ಈಟಿ ಕೆಳಗಿಟ್ಟ ಚರಣ, ಕುರಿಮರಿಯನ್ನು ಮಾಡಿದವನೇ ಹುಲಿಯನ್ನೂ ಮಾಡಿದನೇ ಎಂಬ ಪ್ರಶ್ನೆ ಇನ್ನೂ ಬಂದಿಲ್ಲ. 108ರಲ್ಲಿ ಕಣ್ಣಿನ ಬೆಂಕಿಯ ಚರಣವನ್ನು ಮತ್ತೆ ತಿದ್ದುತ್ತಾನೆ, ನಕ್ಷತ್ರ ಮತ್ತು ಕುರಿಮರಿಯ ಸಾಲುಗಳನ್ನು ಹೊಸದಾಗಿ ಹುಟ್ಟಿಸುತ್ತಾನೆ. ಅದೇ ಪುಟದಲ್ಲಿ ನಾಲ್ಕು ಚರಣಗಳ ಒಂದು ಪ್ರತಿಯನ್ನು ನೀಟಾಗಿ ಬರೆದುಕೊಳ್ಳುತ್ತಾನೆ. ಇದು ಎರಡನೆಯ ಮಜಲು. ಮೂರನೆಯದು ತಗಡಿನ ಮೇಲಿನ ಆರು ಚರಣ.

ಸಾಲುಗಳನ್ನು ಎದುರುಬದುರು ಜೋಡಿಸುವುದು

ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಮಜಲಿಗೆ ಒಂದರಂತೆ ಕಾಲಮ್ಮು ಎಳೆಯಿರಿ. ಒಂದೇ ಸಾಲಿನ ಮೂರು ರೂಪಗಳು ಒಂದೇ ಮಟ್ಟದಲ್ಲಿ ಬರಬೇಕು. ಒಂದು ಮಜಲಿನಲ್ಲಿ ಇಲ್ಲದ ಸಾಲಿನ ಎದುರು ಜಾಗ ಖಾಲಿ ಬಿಡಿ. ಈ ಖಾಲಿ ಜಾಗಗಳೇ ನಮ್ಮ ಮುಖ್ಯ ಸಾಮಗ್ರಿ. ಕಂಪ್ಯೂಟರಿನಲ್ಲಿ ಎರಡು ಪಠ್ಯಗಳ ವ್ಯತ್ಯಾಸಕ್ಕೆ ಬಣ್ಣ ಹಚ್ಚಿ ತೋರಿಸುವ ಸಲಕರಣೆಗಳಿವೆ, ಆದರೆ ಇಂಥ ಸಣ್ಣ ಕವಿತೆಗೆ ಕೈಯಲ್ಲಿ ಬರೆಯುವುದೇ ವಾಸಿ. ಬರೆಯುವಾಗ ಕಿವಿಯೂ ಕೆಲಸ ಮಾಡುತ್ತದೆ.

ಆಮೇಲೆ ಪ್ರತಿ ವ್ಯತ್ಯಾಸದ ಪಕ್ಕದಲ್ಲಿ ಅದು ಯಾವ ಜಾತಿಯದು ಎಂದು ಗುರುತು ಹಾಕಿ. ಕರಡಿನಲ್ಲಿ ಸೃಷ್ಟಿಕರ್ತ ತನ್ನ ಕೆಲಸ ನೋಡಿ ‘ಲಾಫ್’, ಅಂದರೆ ಗಹಗಹಿಸಿ ನಕ್ಕನೇ ಎಂದಿತ್ತು, ಅದು ‘ಸ್ಮೈಲ್’, ಅಂದರೆ ಮುಗುಳ್ನಗೆ ಆಯಿತು. ಇದು ಬದಲಿ, ಕತ್ತರಿಕೆಯಲ್ಲ. ಒಂದು ಪದದ ಜಾಗಕ್ಕೆ ಇನ್ನೊಂದು ಬಂತು, ಜಾಗ ಹಾಗೇ ಉಳಿಯಿತು. ಜಾಗವೇ ಮುಚ್ಚಿಹೋದರೆ ಅದು ಕತ್ತರಿಕೆ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ತಲೆ ಎತ್ತಿದರೆ ಅದು ಸ್ಥಳಾಂತರ. ಕಾಗುಣಿತದ ವ್ಯತ್ಯಾಸಗಳನ್ನು ಬದಿಗಿಡಿ, ಬ್ಲೇಕ್‌ನ ಕಾಲದಲ್ಲಿ ಅವಕ್ಕೆ ಅಷ್ಟು ತೂಕವಿರಲಿಲ್ಲ. ಆದರೆ ವಿರಾಮಚಿಹ್ನೆಗಳನ್ನು ಮಾತ್ರ ಬದಿಗಿಡಬೇಡಿ. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಹೊಡೆದ ಐದು ಸಾಲುಗಳು ಇವು. ಕಿವಿಗೆ ಬೀಳಲೆಂದು ಮೂಲದ ಉಚ್ಚಾರಣೆಯಲ್ಲೇ ಕೊಡುತ್ತೇನೆ. ಮೊದಲೆರಡು ಸಾಲು ಉಳಿದವು, ಮುಂದಿನವು ಹೋದವು:

> ಅಂಡ್ ವೆನ್ ದೈ ಹಾರ್ಟ್ ಬಿಗ್ಯಾನ್ ಟು ಬೀಟ್
> ವಾಟ್ ಡ್ರೆಡ್ ಹ್ಯಾಂಡ್ ಅಂಡ್ ವಾಟ್ ಡ್ರೆಡ್ ಫೀಟ್
>
> ಕುಡ್ ಫೆಚ್ ಇಟ್ ಫ್ರಮ್ ದ ಫರ್ನೇಸ್ ಡೀಪ್
> ಅಂಡ್ ಇನ್ ದೈ ಹಾರಿಡ್ ರಿಬ್ಸ್ ಡೇರ್ ಸ್ಟೀಪ್
> ಇನ್ ದ ವೆಲ್ ಆಫ್ ಸ್ಯಾಂಗ್ವಿನ್ ವೋ
> ಇನ್ ವಾಟ್ ಕ್ಲೇ ಅಂಡ್ ಇನ್ ವಾಟ್ ಮೋಲ್ಡ್
> ವರ್ ದೈ ಐಸ್ ಆಫ್ ಫ್ಯೂರಿ ರೋಲ್ಡ್

ಅರ್ಥ ಹೀಗೆ: ನಿನ್ನ ಹೃದಯ ಬಡಿಯತೊಡಗಿದಾಗ ಎಂಥ ಘೋರ ಕೈ, ಎಂಥ ಘೋರ ಕಾಲು ಅದನ್ನು ಆಳದ ಕುಲುಮೆಯಿಂದ ಎತ್ತಿ ತಂದೀತು, ನಿನ್ನ ಭೀಕರ ಪಕ್ಕೆಲುಬುಗಳೊಳಗೆ, ನೆತ್ತರುಬಣ್ಣದ ಸಂಕಟದ ಬಾವಿಯಲ್ಲಿ ಅದ್ದುವ ಧೈರ್ಯ ಮಾಡೀತು? ಯಾವ ಜೇಡಿಮಣ್ಣಿನಲ್ಲಿ, ಯಾವ ಅಚ್ಚಿನಲ್ಲಿ ನಿನ್ನ ಉಗ್ರ ಕಣ್ಣುಗಳನ್ನು ಉರುಳಿಸಿ ಮಾಡಿದರು?

ಹೋದದ್ದರ ಮೇಲೆ ಏನು ಆತುಕೊಂಡಿತ್ತು?

‘ಏಕೆ ಹೊಡೆದ?’ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ಸದ್ಯ ನುಂಗಿಕೊಳ್ಳಿ. ಮೊದಲ ಪ್ರಶ್ನೆ ಬೇರೆ: ಹೋದ ಸಾಲಿನ ಮೇಲೆ, ಉಳಿದ ಸಾಲುಗಳಲ್ಲಿ ಯಾವುದು ಆತುಕೊಂಡಿತ್ತು? ಗೋಡೆ ಕೆಡವಿದರೆ ಅದಕ್ಕೆ ಒರಗಿದ್ದ ತೊಲೆ ಜೋತುಬೀಳುತ್ತದೆ. ಕವಿತೆಯಲ್ಲೂ ಹಾಗೆ ಜೋತುಬಿದ್ದ ಜಾಗ ಹುಡುಕಬೇಕು. ಸರ್ವನಾಮವಿದೆ, ಅದು ಯಾರನ್ನು ಹೇಳುತ್ತದೆಂದು ತಿಳಿಯುವುದಿಲ್ಲ. ಕ್ರಿಯಾಪದವಿಲ್ಲ. ಪ್ರಾಸಕ್ಕೆ ಜೋಡಿಯಿಲ್ಲ. ‘ಮತ್ತು’ ಎಂದು ಶುರುವಾದ ಸಾಲಿಗೆ ಹಿಂದೆ ಏನೂ ಇಲ್ಲ. ಇಂಥವು ಕಂಡಲ್ಲೆಲ್ಲ ಕತ್ತರಿ ಆಡಿರುವ ಸಂಭವ ಹೆಚ್ಚು. ಕರಡೇ ಸಿಗದ ಕವಿತೆಗಳಲ್ಲೂ ಈ ಗುರುತುಗಳಿಂದ ಅನುಮಾನ ಪಡಬಹುದು, ಅಲ್ಲಿ ಅನುಮಾನಕ್ಕಿಂತ ಮುಂದೆ ಹೋಗಬಾರದು ಅಷ್ಟೇ.

ಇಲ್ಲಿ ಜೋತುಬಿದ್ದದ್ದು ಮೊದಲೇ ಹೇಳಿದ ಎಡವು. ಕರಡಿನಲ್ಲಿ ‘ಕೈ, ಕಾಲು’ ಎಂಬ ಕರ್ತೃವಿಗೆ ‘ಎತ್ತಿ ತಂದೀತು’ ಎಂಬ ಕ್ರಿಯೆ ಮುಂದಿನ ಚರಣದಲ್ಲಿ ಕಾಯುತ್ತಿತ್ತು. ವಾಕ್ಯ ಚರಣದ ಗಡಿ ದಾಟಿ ಹರಿಯುತ್ತಿತ್ತು. ಆಗ ಕೈಯೂ ಕಾಲೂ ಮಾಡಿದವನದೇ, ಅನುಮಾನವೇ ಇಲ್ಲ. ಕುಲುಮೆಗೆ ನಡೆದುಹೋಗಲು ಕಾಲು, ಎತ್ತಲು ಕೈ. ಐದು ಸಾಲು ಹೋದ ಮೇಲೆ ಕೈ ಕಾಲು ಗಾಳಿಯಲ್ಲಿ ನಿಂತವು. ಓದುಗ ಕಾಲನ್ನು ಹುಲಿಯದು ಎಂದೂ ಓದಬಹುದು. ಹಾಗೆ ಓದಿದವರಿದ್ದಾರೆ ಎಂಬುದಕ್ಕೆ ಪುರಾವೆಯೂ ಇದೆ. 1806ರಲ್ಲಿ ಬೆಂಜಮಿನ್ ಮಾಲ್ಕಿನ್ ತನ್ನ ಪುಸ್ತಕವೊಂದರಲ್ಲಿ ಈ ಕವಿತೆಯನ್ನು ಅಚ್ಚು ಹಾಕಿದಾಗ ಆ ಸಾಲು ‘ಯಾವ ಘೋರ ಕೈ ನಿನ್ನ ಘೋರ ಕಾಲನ್ನು ಬೆಸೆಯಿತು’ ಎಂದಾಗಿದೆ. ಬ್ಲೇಕ್‌ನ ಅಚ್ಚಿನ ಒಂದು ಪ್ರತಿಯಲ್ಲೂ ಅದೇ ಜಾಗದಲ್ಲಿ ಶಾಯಿಯಿಂದ ‘ರೂಪಿಸಿತು’ ಎಂಬ ಕ್ರಿಯಾಪದವನ್ನು ತುರುಕಲಾಗಿದೆ. ಎರಡರಲ್ಲೂ ಮಾಡಿದವನ ಕಾಲು ಹುಲಿಯ ಕಾಲಾಗಿಬಿಟ್ಟಿದೆ.

ಹಾಗಾದರೆ ಇದು ಬರೀ ಮರೆವೇ? ಸಾಲು ಹೊಡೆದವನು ಹಿಂದಿನ ವಾಕ್ಯ ಕಟ್ಟಿಹಾಕುವುದನ್ನು ಮರೆತನೇ? ನಡುವಿನ ಮಜಲು ಉಪಯೋಗಕ್ಕೆ ಬರುವುದು ಇಲ್ಲಿ. 108ನೆಯ ಪುಟದ ನೀಟು ಪ್ರತಿಯಲ್ಲಿ ಹೃದಯದ ಚರಣವಿದೆ, ಅದರ ಬೆನ್ನಿಗೆ ನೇರವಾಗಿ ನಕ್ಷತ್ರಗಳ ಚರಣವಿದೆ. ಅಂದರೆ ಐದು ಸಾಲು ಹೋದ ಮೇಲೆ ಬ್ಲೇಕ್ ಈ ಜೋತುಬಿದ್ದ ವಾಕ್ಯವನ್ನು ಇನ್ನೊಮ್ಮೆ ತನ್ನ ಕೈಯಾರೆ ಬರೆದಿದ್ದಾನೆ, ಸರಿಮಾಡಿಲ್ಲ. ಮೂರನೆಯ ಸಲ ತಗಡಿನ ಮೇಲೆ ಬರೆಯುವಾಗ ಕರಡಿನಲ್ಲಿ ಇಲ್ಲದ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿದ್ದಾನೆ: ‘ವಾಟ್ ಡ್ರೆಡ್ ಹ್ಯಾಂಡ್? ಅಂಡ್ ವಾಟ್ ಡ್ರೆಡ್ ಫೀಟ್?’ ಅರ್ಧಕ್ಕೆ ನಿಂತ ಒಂದು ವಾಕ್ಯ ಆ ಎರಡು ಚಿಹ್ನೆಗಳಿಂದ ಎರಡು ಉದ್ಗಾರಗಳಾಯಿತು. ವಿರಾಮಚಿಹ್ನೆಯನ್ನು ಬದಿಗಿಡಬೇಡಿ ಎಂದದ್ದು ಇದಕ್ಕೇ. ಮರೆವು ಎಂಬ ವಾದ ಇಲ್ಲಿ ತೆಳುವಾಗುತ್ತದೆ. ಪೂರ್ತಿ ಸತ್ತಿತು ಎನ್ನಲಾರೆ, ಏಕೆಂದರೆ ಆ ಶಾಯಿಯ ತಿದ್ದುಪಡಿ ಇದ್ದೇ ಇದೆ. ಈ ಸಾಲು ಆಮೇಲೂ ಯಾರನ್ನೋ ಕಾಡುತ್ತಿತ್ತು.

ಹೋದದ್ದು ಬೇರೆಲ್ಲಾದರೂ ಸೇರಿಕೊಂಡಿದೆಯೇ?

ಕತ್ತರಿಸಿದ ಭಾಗದ ಒಂದೊಂದು ನಾಮಪದವನ್ನೂ ವಿಶೇಷಣವನ್ನೂ ಪಟ್ಟಿ ಮಾಡಿ, ಅಂತಿಮ ಕವಿತೆಯಲ್ಲಿ ಅವನ್ನು ಹುಡುಕುತ್ತ ಹೋಗಿ. ಕುಲುಮೆ: ಸಿಕ್ಕಿತು. ‘ಯಾವ ಕುಲುಮೆಯಲ್ಲಿತ್ತು ನಿನ್ನ ಮಿದುಳು’ ಎಂಬ ಸಾಲಿನಲ್ಲಿ ಇದ್ದೇ ಇದೆ. ಕಣ್ಣು: ಸಿಕ್ಕಿತು, ಎರಡನೆಯ ಚರಣದಲ್ಲಿ ಕಣ್ಣಿನ ಬೆಂಕಿ ಉಳಿದಿದೆ. ಜೇಡಿಮಣ್ಣು, ಅಚ್ಚು: ಎಲ್ಲೂ ಇಲ್ಲ. ಪಕ್ಕೆಲುಬು: ಇಲ್ಲ. ಬಾವಿ, ನೆತ್ತರು, ಸಂಕಟ: ಇಲ್ಲ. ‘ಹಾರಿಡ್’ ಇಲ್ಲ, ‘ಫ್ಯೂರಿ’ ಇಲ್ಲ.

ಒಂದೊಂದೇ ಪದ ನೋಡಿದರೆ ಏನೂ ಹೊಳೆಯುವುದಿಲ್ಲ. ಗುಂಪಾಗಿ ನೋಡಬೇಕು. ಜೇಡಿಮಣ್ಣು ಮತ್ತು ಅಚ್ಚು ಕುಂಬಾರನ ಕೆಲಸ, ಕುಲುಮೆ ಮತ್ತು ಸುತ್ತಿಗೆ ಕಮ್ಮಾರನದು. ಕರಡಿನಲ್ಲಿ ಹುಲಿಯನ್ನು ಮಾಡುವವನು ಅರೆ ಕುಂಬಾರ, ಅರೆ ಕಮ್ಮಾರ. ಅಂತಿಮದಲ್ಲಿ ಕುಂಬಾರ ಪೂರ್ತಿ ಹೊರಟುಹೋದ. ಮಣ್ಣಿನಿಂದ ಜೀವ ಮಾಡುವ ಮಾತು ಬೈಬಲ್ಲಿನ ಸೃಷ್ಟಿಕಥೆಯನ್ನು ನೆನಪಿಸುತ್ತದೆ. ಅಲ್ಲಿ ದೇವರು ಮನುಷ್ಯನನ್ನು ನೆಲದ ಮಣ್ಣಿನಿಂದಲೇ ಮಾಡಿದ್ದು. ಆ ನೆನಪು ಹೋಗಿ ಬೆಂಕಿ, ಕಬ್ಬಿಣಗಳಷ್ಟೇ ಉಳಿದವು. ಇಷ್ಟನ್ನು ಧೈರ್ಯವಾಗಿ ಹೇಳಬಹುದು, ಏಕೆಂದರೆ ಹೋದದ್ದು ಬೇರೆಲ್ಲೂ ಮರಳಿಲ್ಲ.

ಎರಡನೆಯ ಗುಂಪು ವಿಶೇಷಣಗಳದು. ‘ಭೀಕರ’ ಪಕ್ಕೆ, ‘ಉಗ್ರ’ ಕಣ್ಣು, ‘ನೆತ್ತರುಬಣ್ಣದ’ ಸಂಕಟ. ಇವುಗಳ ಜೊತೆಗೆ 108ನೆಯ ಪುಟದಲ್ಲಿ ಕಣ್ಣಿನ ಬೆಂಕಿಗೆ ‘ಕ್ರೂಯಲ್’, ಕ್ರೂರ ಎಂಬ ವಿಶೇಷಣವಿತ್ತು, ಅದೂ ಅಂತಿಮದಲ್ಲಿಲ್ಲ, ಬರೀ ‘ನಿನ್ನ ಕಣ್ಣಿನ ಬೆಂಕಿ’ ಎಂದಿದೆ. ಉಳಿದುಕೊಂಡ ವಿಶೇಷಣಗಳು ಯಾವುವು? ‘ಫಿಯರ್‌ಫುಲ್’, ‘ಡ್ರೆಡ್’. ವ್ಯತ್ಯಾಸ ಗಮನಿಸಿ. ಕ್ರೂರ, ಉಗ್ರ ಎಂಬವು ಹುಲಿಯ ಸ್ವಭಾವದ ಬಗ್ಗೆ ತೀರ್ಪು ಕೊಡುತ್ತವೆ. ಭಯ ಹುಟ್ಟಿಸುವ, ನಡುಗಿಸುವ ಎಂಬವು ನೋಡುವವನ ಎದೆಯ ಬಗ್ಗೆ ಹೇಳುತ್ತವೆ. ಕರಡಿನ ಕವಿಗೆ ಹುಲಿ ಎಂಥದ್ದೆಂದು ಗೊತ್ತಿತ್ತು. ಅಂತಿಮ ಕವಿತೆಯಲ್ಲಿ ಮಾತಾಡುವವನಿಗೆ ತಾನು ಹೆದರಿದ್ದೇನೆ ಎಂಬುದಷ್ಟೇ ಗೊತ್ತು. ‘ಕುರಿಮರಿಯನ್ನು ಮಾಡಿದವನೇ ನಿನ್ನನ್ನೂ ಮಾಡಿದನೇ’ ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ನಿಲ್ಲಬೇಕಾದರೆ ಹುಲಿ ಕ್ರೂರಿ ಎಂದು ಮೊದಲೇ ತೀರ್ಪು ಕೊಟ್ಟಿರಬಾರದು. ಆ ಪ್ರಶ್ನೆ ಹುಟ್ಟಿದ್ದೂ 108ನೆಯ ಪುಟದಲ್ಲೇ.

ಇಂಥ ಚೆಂದದ ಊಹೆ ಸಿಕ್ಕಿದ ಕೂಡಲೇ ಅದಕ್ಕೆ ಎದುರಾಗಿ ನಿಲ್ಲುವ ಪದವನ್ನು ನೀವೇ ಹುಡುಕಬೇಕು. ಇಲ್ಲಿ ಅದು ಸುತ್ತಿಗೆಯ ಚರಣದ ‘ಡೆಡ್ಲಿ ಟೆರರ್ಸ್’. ಮಾರಕ ಎಂಬುದು ಹುಲಿಯ ಬಗೆಗಿನ ಮಾತೇ, ಅದನ್ನು ಬ್ಲೇಕ್ ತೆಗೆಯಲಿಲ್ಲ. ಆದ್ದರಿಂದ ‘ತೀರ್ಪು ಕೊಡುವ ವಿಶೇಷಣಗಳನ್ನೆಲ್ಲ ತೆಗೆದ’ ಎಂದು ಬರೆದರೆ ತಪ್ಪು. ‘ಹೆಚ್ಚಿನವನ್ನು ತೆಗೆದ, ಒಂದನ್ನು ಉಳಿಸಿಕೊಂಡ’ ಎಂದು ಬರೆದರೆ ಸರಿ. ಊಹೆ ಸ್ವಲ್ಪ ಕುಗ್ಗುತ್ತದೆ, ಕುಗ್ಗಿದ ಮೇಲೆ ನಿಲ್ಲುತ್ತದೆ.

ನಾನು ಮಾಡಿದ ತಪ್ಪು

108ನೆಯ ಪುಟದ ನಾಲ್ಕು ಚರಣಗಳ ಪ್ರತಿಯನ್ನು ಮೊದಲು ನೋಡಿದಾಗ ನನಗೆ ದೊಡ್ಡ ನಿಧಿ ಸಿಕ್ಕಂತಾಗಿತ್ತು. ಅದರಲ್ಲಿ ಸುತ್ತಿಗೆಯ ಚರಣವಿಲ್ಲ, ಕಣ್ಣಿನ ಬೆಂಕಿಯ ಚರಣವೂ ಇಲ್ಲ. ಬ್ಲೇಕ್ ಕಮ್ಮಾರಸಾಲೆಯನ್ನೇ ಕವಿತೆಯಿಂದ ಹೊರಹಾಕುತ್ತಿದ್ದ, ಹುಲಿಯನ್ನು ಮಾಡುವ ಕ್ರಿಯೆಗಿಂತ ಮಾಡಿದವನ ಮೇಲೆ ಕಣ್ಣಿಟ್ಟಿದ್ದ ಎಂದು ಎರಡು ಪುಟ ಬರೆದೆ. ಓದಿದ ಗೆಳೆಯರೊಬ್ಬರು ಒಂದೇ ಮಾತು ಕೇಳಿದರು: ‘ಅಂತಿಮ ಕವಿತೆಯಲ್ಲಿ ಸುತ್ತಿಗೆ ಇದೆಯಲ್ರೀ?’ ಇದೆ. ಎರಡೂ ಚರಣಗಳು ತಗಡಿನ ಮೇಲೆ ವಾಪಸು ಬಂದಿವೆ. ಎರಡು ಪುಟವೂ ಬುಟ್ಟಿಗೆ ಹೋಯಿತು.

ಅಲ್ಲಿಂದ ಎರಡು ಅಭ್ಯಾಸ ಮಾಡಿಕೊಂಡೆ. ಒಂದು, ಯಾವುದೇ ಮಜಲಿನಲ್ಲಿ ಇಲ್ಲದ್ದನ್ನು ‘ಕತ್ತರಿಸಿದ’ ಎಂದು ಕರೆಯುವ ಮುಂಚೆ ಅಂತಿಮ ಕಾಲಮ್ಮಿನವರೆಗೂ ಬೆರಳಿಟ್ಟು ಹೋಗಿ ನೋಡುವುದು. ಇಲ್ಲದಿರುವುದಕ್ಕೆ ಬೇರೆ ಕಾರಣಗಳಿರಬಹುದು. ಬಹುಶಃ ಆಗಲೇ ಒಪ್ಪಿಗೆಯಾದ ಚರಣಗಳನ್ನು ಮತ್ತೆ ಬರೆಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಬಹುಶಃ ಸಣ್ಣ ಕವಿತೆಯಾದರೆ ಹೇಗಿರುತ್ತದೆಂದು ನಿಜವಾಗಿಯೂ ಪ್ರಯೋಗ ಮಾಡಿ ನೋಡಿ ಬೇಡವೆಂದ. ಪುಟ ಎರಡಕ್ಕೂ ಜಾಗ ಕೊಡುತ್ತದೆ. ಇನ್ನೊಂದು, ಗೀಟು ಹಾಕಿ ಹೊಡೆದದ್ದನ್ನೂ ಸುಮ್ಮನೆ ಬರೆಯದೆ ಬಿಟ್ಟದ್ದನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸುವುದು. ಗೀಟು ಒಂದು ನಿರ್ಧಾರದ ಗುರುತು. ಗೈರುಹಾಜರಿ ಹಾಗಲ್ಲ.

ಈಗ ಕೇಳಿ, ಏಕೆ ಹೊಡೆದ?

ಕಾರಣ ಹುಡುಕುವಾಗ ದೊಡ್ಡ ಅರ್ಥಕ್ಕೆ ಕೈಹಾಕುವ ಮೊದಲು ಕಸುಬಿನ ಕಾರಣಗಳನ್ನು ಪರೀಕ್ಷಿಸಿ. ಆ ಐದು ಸಾಲುಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ. ‘ಡೀಪ್’ಗೆ ‘ಸ್ಟೀಪ್’ ಇದೆ. ‘ಮೋಲ್ಡ್’ಗೆ ‘ರೋಲ್ಡ್’ ಇದೆ. ನಡುವೆ ‘ವೋ’ ಒಂಟಿ. ಇಡೀ ಕವಿತೆ ಎರಡೆರಡು ಸಾಲಿನ ಪ್ರಾಸದಲ್ಲಿ, ನಾಲ್ಕು ಸಾಲಿನ ಚರಣದಲ್ಲಿ ನಡೆಯುತ್ತದೆ, ಇಲ್ಲಿ ಮಾತ್ರ ಐದು ಸಾಲು, ಒಂದಕ್ಕೆ ಜೋಡಿಯಿಲ್ಲ. ‘ವೋ’ ಸಾಲು ಬರೆದ ಬ್ಲೇಕ್ ಅದಕ್ಕೆ ಪ್ರಾಸ ಕೂಡಿಸದೆ, ವಾಕ್ಯವನ್ನೂ ಮುಗಿಸದೆ ಜೇಡಿಮಣ್ಣಿಗೆ ಹಾರಿದ್ದಾನೆ. ಅರ್ಥದಲ್ಲೂ ಗೋಜಲು: ಪಕ್ಕೆಲುಬಿನೊಳಗೆ ಅದ್ದುವುದೋ ಬಾವಿಯಲ್ಲಿ ಅದ್ದುವುದೋ? ಕಾದ ಕಬ್ಬಿಣವನ್ನು ನೀರಿನಲ್ಲಿ ಮುಳುಗಿಸಿ ಹದ ಮಾಡುವ ಚಿತ್ರ ಮನಸ್ಸಿನಲ್ಲಿತ್ತೆಂದು ನನಗನ್ನಿಸುತ್ತದೆ, ಆದರೆ ಅದು ಸಾಲಿಗೆ ಇಳಿದಿಲ್ಲ. ಅಂದರೆ ಇದು ಪೂರ್ಣಗೊಂಡ ಚರಣವನ್ನು ತೆಗೆದದ್ದಲ್ಲ, ಕೈಯಲ್ಲೇ ಮುರಿದುಬಿದ್ದ ಚರಣವನ್ನು ಬಿಟ್ಟದ್ದು. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕವಿಗೆ ಆ ವಿಚಾರ ಬೇಡವಾಯಿತು. ಎರಡನೆಯದರಲ್ಲಿ ವಿಚಾರ ಬೇಕಿದ್ದರೂ ಸಾಲು ಒಲಿಯದೇ ಹೋಗಿರಬಹುದು.

ಜಾಗದ ಕಾರಣವನ್ನೂ ನೋಡಬೇಕು. ತಗಡು ಸುಮಾರು 11 ಸೆಂಟಿಮೀಟರ್ ಎತ್ತರದ್ದು. ಅದರಲ್ಲಿ ಮರ, ಹುಲಿಯ ಚಿತ್ರ, ಇಪ್ಪತ್ತನಾಲ್ಕು ಸಾಲು ಎಲ್ಲ ಹಿಡಿಯಬೇಕಿತ್ತು. ಆದರೆ ಐದು ಸಾಲು ಹೋದದ್ದು ನೋಟುಬುಕ್ಕಿನಲ್ಲೇ, ತಗಡಿಗೆ ಬರುವ ಮೊದಲೇ. ಆದ್ದರಿಂದ ಈ ಕಾರಣಕ್ಕೆ ಹೆಚ್ಚು ತೂಕ ಕೊಡಲಾರೆ.

ಚರಿತ್ರೆಯ ಕಾರಣ ಬಹಳ ಆಕರ್ಷಕ. ಈ ಕರಡು ಫ್ರೆಂಚ್ ಕ್ರಾಂತಿಯ ಬಿಸಿಯ ವರ್ಷಗಳದು, ಕವಿತೆಯಲ್ಲಿದ್ದ ನೆತ್ತರು ಹೋಯಿತು, ಅಂದಮೇಲೆ ರಕ್ತಪಾತ ನೋಡಿ ಕವಿ ಹಿಂಜರಿದ ಎಂದು ಹೇಳಲು ಬಾಯಿ ತುರಿಸುತ್ತದೆ. ಪುಟದಲ್ಲಿ ಆ ಮಾತಿಗೆ ಆಧಾರವಿಲ್ಲ. ಪ್ರಾಸ ಕೂಡದ ಸಾಲು ಹೋಯಿತು ಎಂಬುದಕ್ಕೆ ಇದೆ.

ಪರೀಕ್ಷೆಗೆ ಒಂದು ಸುಲಭ ದಾರಿ: ಹೋದದ್ದನ್ನು ವಾಪಸು ಹಾಕಿ ಓದುವುದು. ಐದು ಸಾಲನ್ನು ಅಂತಿಮ ಕವಿತೆಯ ಮೂರನೆಯ ಚರಣದ ಕೆಳಗೆ ಸೇರಿಸಿ ಗಟ್ಟಿಯಾಗಿ ಓದಿ. ‘ಫೀಟ್’ ಮೇಲೆ ಉಸಿರು ನಿಲ್ಲುವುದಿಲ್ಲ, ಕೆಳಗೆ ಜಾರುತ್ತದೆ. ಕುಲುಮೆ ಎರಡು ಸಲ ಬರುತ್ತದೆ, ಎರಡನೆಯ ಸಲ ಮೊದಲಿನ ಬಿಸಿ ಇರುವುದಿಲ್ಲ. ಉಳಿದೆಲ್ಲ ಕಡೆ ಚರಣದ ಕೊನೆಗೆ ಸುತ್ತಿಗೆ ಪೆಟ್ಟಿನಂತೆ ಬೀಳುವ ನಿಲುಗಡೆ ಇಲ್ಲಿ ತಪ್ಪುತ್ತದೆ. ಅಂತಿಮದಲ್ಲಿ ಆರೂ ಚರಣ ಪ್ರಶ್ನೆಯ ಮೇಲೆ ನಿಲ್ಲುತ್ತವೆ. ಇದು ಕಿವಿಗೆ ಸಿಗುವ ಪುರಾವೆ, ನಿಮ್ಮ ಕಿವಿಗೆ ಬೇರೆ ಕೇಳಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಬರೆಯುವಾಗ

ಊಹೆಗಳನ್ನು ಬರೆಯುವಾಗ ಮೂರು ಬಗೆಯ ಮಾತು ಒಂದರೊಳಗೊಂದು ಕಲಸಿಹೋಗದಂತೆ ನೋಡಿಕೊಳ್ಳಿ. ‘109ನೆಯ ಪುಟದಲ್ಲಿ ಐದು ಸಾಲಿಗೆ ಕಾಟು ಹೊಡೆದಿದೆ’ ಎಂಬುದು ಕಣ್ಣಿಗೆ ಕಾಣುವ ಮಾತು, ಯಾರು ಬೇಕಾದರೂ ಹೋಗಿ ನೋಡಬಹುದು. ‘ಅವು ಹೋದದ್ದರಿಂದ ಕಾಲು ಯಾರದೆಂಬುದು ಅನಿಶ್ಚಿತವಾಯಿತು’ ಎಂಬುದು ಕವಿತೆಯ ಬಗೆಗಿನ ಮಾತು, ವಾಕ್ಯರಚನೆ ತೋರಿಸಿ ವಾದಿಸಬಹುದು. ‘ಆ ಅನಿಶ್ಚಿತತೆ ಬ್ಲೇಕ್‌ಗೆ ಬೇಕಿತ್ತು’ ಎಂಬುದು ಮನಸ್ಸಿನ ಬಗೆಗಿನ ಮಾತು. ಅದಕ್ಕೆ ‘ಅನ್ನಿಸುತ್ತದೆ’ ಸೇರಿಸದೆ ಬರೆಯಬಾರದು.

ನನ್ನ ಹಾಳೆಯಲ್ಲಿ ಕೊನೆಗೆ ಉಳಿದ ವಾಕ್ಯ ಹೀಗಿದೆ: ‘ಹೃದಯದ ಚರಣದ ಮುಂದುವರಿಕೆಯಾಗಿ ಬ್ಲೇಕ್ ಬರೆಯಲು ಹೊರಟ ಚರಣ ಪ್ರಾಸ ಕೂಡದೆ ಮುರಿಯಿತು, ಅವನು ಅದನ್ನು ಬಿಟ್ಟ. ಬಿಟ್ಟದ್ದರಿಂದ ಅರ್ಧಕ್ಕೆ ನಿಂತ ವಾಕ್ಯವನ್ನು ಮುಂದೆ ಎರಡು ಸಲ ನಕಲು ಮಾಡಿದರೂ ಪೂರ್ತಿ ಮಾಡಲಿಲ್ಲ, ತಗಡಿನ ಮೇಲೆ ಅದನ್ನು ಎರಡು ಪ್ರಶ್ನೆಯಾಗಿ ಒಡೆದ. ಕತ್ತರಿಕೆ ಅನಿವಾರ್ಯವಾಗಿ ಶುರುವಾಗಿ ಆಯ್ಕೆಯಾಗಿ ಮುಗಿಯಿತು ಎಂದು ಅನ್ನಿಸುತ್ತದೆ.’ ಈ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಟಿಪ್ಪಣಿ ಇದೆ: ‘ಹಾಗಾದರೆ ಆ ಒಂದು ಪ್ರತಿಯಲ್ಲಿ ಶಾಯಿಯಿಂದ ಕ್ರಿಯಾಪದ ತುರುಕಿದ್ದೇಕೆ?’ ಅದನ್ನು ಇನ್ನೂ ಅಳಿಸಿಲ್ಲ.